ಗ್ಲಾಸಿನಲ್ಲಿ ಏನಿದೆ ಎಂದು ಯಾರೂ ಕೇಳದ ಟೋಸ್ಟ್

ಮಂಗಳೂರಿನ ಕ್ರೈಸ್ತರ ಮದುವೆ ರಿಸೆಪ್ಶನ್‌ಗೆ ಹೋದವರಿಗೆ ಅಲ್ಲಿನ ಕ್ರಮ ಗೊತ್ತಿರುತ್ತದೆ. ಚರ್ಚಿನಲ್ಲಿ ಮದುವೆ ಮುಗಿಸಿ ಮದುಮಕ್ಕಳು ಹಾಲ್‌ಗೆ ಬರುತ್ತಾರೆ, ಬ್ಯಾಂಡಿನ ತಾಳಕ್ಕೆ ಮೆರವಣಿಗೆಯಲ್ಲಿ ಸ್ಟೇಜ್ ಹತ್ತುತ್ತಾರೆ, ಕೇಕ್ ಕತ್ತರಿಸುತ್ತಾರೆ. ಆಮೇಲೆ ಟ್ರೇ ಹಿಡಿದ ಹುಡುಗರು ಕುರ್ಚಿಗಳ ಸಾಲಿನಲ್ಲಿ ಕೇಕಿನ ತುಂಡನ್ನೂ ಒಂದೆರಡು ಗುಟುಕು ವೈನನ್ನೂ ಹಂಚಿಕೊಂಡು ಬರುತ್ತಾರೆ. ಎಲ್ಲರಿಗೂ ಮುಟ್ಟಿತು ಅನ್ನುವಾಗ ಮನೆಯವರಲ್ಲೊಬ್ಬರು ಮೈಕ್ ಹಿಡಿದು ಮದುಮಕ್ಕಳ ಬಗ್ಗೆ ನಾಲ್ಕು ಮಾತಾಡಿ ಟೋಸ್ಟ್ ಎತ್ತುತ್ತಾರೆ. ಇದು ಹಿಂದಿನ ದಿನ ಮನೆಯಂಗಳದಲ್ಲಿ ತೆಂಗಿನಹಾಲು ಹಚ್ಚುವ ರೋಸ್ ಕಾರ್ಯಕ್ರಮದಂತೆ ಸಲಿಗೆಯ ಕೂಟವಲ್ಲ. ರಿಸೆಪ್ಶನ್‌ಗೆ ಊರೇ ಬಂದಿರುತ್ತದೆ.

ಊರು ಅಂದಮೇಲೆ ಎಲ್ಲ ತರದವರೂ ಬಂದರು. ಪಕ್ಕದ ಮನೆಯ ಭಟ್ಟರ ಕುಟುಂಬ, ಅಪ್ಪನ ಅಂಗಡಿಯ ಜೊತೆಗಾರರಾದ ಬ್ಯಾರಿಗಳು, ವಧುವಿನ ಆಫೀಸಿನವರು, ಏಳು ತಿಂಗಳ ಗರ್ಭಿಣಿ ಅತ್ತಿಗೆ, ಹದಿನಾಲ್ಕರ ಹುಡುಗರು, ಕುಡಿತ ಬಿಟ್ಟು ಬದುಕು ಕಟ್ಟಿಕೊಂಡ ಮಾವ. ಇವರ ನಡುವೆಯೇ, ವೈನ್ ಇಲ್ಲದೆ ಟೋಸ್ಟ್ ಎಂದರೆ ಅದೆಂಥದ್ದು ಎನ್ನುವ ದೊಡ್ಡಪ್ಪಂದಿರೂ ಇರುತ್ತಾರೆ. ಈಗೀಗ ಸಿಹಿ ಕೆಂಪು ವೈನಿನ ಬದಲು ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನ್ ತರಿಸುವ ರೂಢಿ ಹೆಚ್ಚಿದೆ. ವಧುವಿನ ಅಣ್ಣನಿಗೆ ಟೋಸ್ಟಿನ ಜವಾಬ್ದಾರಿ ಬಂದಾಗ ಅವನು ಮೊದಲು ಚಿಂತಿಸುವುದು ಮಾತಿನ ಬಗ್ಗೆ. ಕುಡಿಯುವವರಿಗೂ ಕುಡಿಯದವರಿಗೂ ಗೌರವ ಸಲ್ಲುವಂತೆ ಹೇಗೆ ಹೇಳಲಿ? ನನ್ನನ್ನು ಕೇಳಿದರೆ ಆ ಗೌರವದ ಮುಕ್ಕಾಲು ಪಾಲು ಮೈಕ್ ಹಿಡಿಯುವ ಮೊದಲೇ, ಅಡುಗೆಯವರ ಮೇಜಿನ ಹಿಂದೆ ತೀರ್ಮಾನವಾಗಿರುತ್ತದೆ. ಉಳಿದ ಕಾಲು ಪಾಲಿಗೆ ಕುಡಿತದ ಸುದ್ದಿಯನ್ನೇ ಎತ್ತದಿದ್ದರಾಯಿತು.

ಟೋಸ್ಟಿಗೆ ಮದ್ಯ ಬೇಕೇಬೇಕು ಎನ್ನುವ ದೊಡ್ಡಪ್ಪನಿಗೆ ಒಂದು ಉತ್ತರ ನಮ್ಮ ದೇಶದಲ್ಲೇ ಉಂಟು. ರಾಷ್ಟ್ರಪತಿ ಭವನದಲ್ಲಿ ವಿದೇಶಿ ಗಣ್ಯರಿಗೆ ಕೊಡುವ ಔತಣದಲ್ಲಿ ಮದ್ಯ ಬಡಿಸುವುದಿಲ್ಲ. ಹಾಗಿದ್ದೂ ರಾಷ್ಟ್ರಪತಿಗಳು ಅತಿಥಿಯ ಆರೋಗ್ಯಕ್ಕೆ, ಎರಡು ದೇಶಗಳ ಸ್ನೇಹಕ್ಕೆ ಗ್ಲಾಸು ಎತ್ತುತ್ತಾರೆ, ಎದುರಿನವರೂ ಎತ್ತುತ್ತಾರೆ. ನೀರಿನಲ್ಲಿ ಟೋಸ್ಟ್ ಮಾಡಬಾರದು, ಕೇಡು ಎಂಬ ನಂಬಿಕೆ ಕೆಲವು ದೇಶಗಳ ನೌಕಾಪಡೆಯವರಲ್ಲಿ ಇದೆ. ಮದುವೆ ಹಾಲ್‌ಗೆ ಅದು ಬೇಡ. ಆದರೂ ಕುಡಿಯದವರ ಕೈಗೆ ಬಿಸ್ಲೆರಿ ಬಾಟಲಿ ಕೊಟ್ಟು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಒಬ್ಬನಿಗೆ ಎತ್ತರದ ಗಾಜಿನ ಗ್ಲಾಸು, ಇನ್ನೊಬ್ಬನಿಗೆ ಪ್ಲಾಸ್ಟಿಕ್ ಕಪ್ಪು ಅಂದರೆ ಅಲ್ಲಿಗೇ ಎರಡು ಪಂಕ್ತಿ ಆಯಿತು.

ಹಾಗಾದರೆ ಏನು ಕೊಡಬೇಕು? ಸೂಪರ್‌ಮಾರ್ಕೆಟ್ಟಿನಲ್ಲಿ ವೈನ್ ಬಾಟಲಿಯಂತೆಯೇ ಕಾಣುವ, ಬಿರಡೆ ಹಾರಿಸಬಹುದಾದ, ‘ನಾನ್ ಆಲ್ಕೊಹಾಲಿಕ್’ ಎಂದು ಬರೆದ ಬಾಟಲಿಗಳು ಸಿಗುತ್ತವೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಆ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ನಿಜವಾಗಿಯೂ ವೈನ್ ಮಾಡಿ, ಆಮೇಲೆ ಅದರ ಮದ್ಯಾಂಶವನ್ನು ತೆಗೆದದ್ದು. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಶೇಕಡಾ 0.5ಕ್ಕಿಂತ ಹೆಚ್ಚು ಮದ್ಯಾಂಶ ಇದ್ದರೆ ಮಾತ್ರ ಅದು ಮದ್ಯ. ಅಂದರೆ ಈ ಬಾಟಲಿಯಲ್ಲಿ ಒಂದಿಷ್ಟು ಉಳಿದಿರಬಹುದು. ಇನ್ನೊಂದು, ಹುಳಿಯಲು ಬಿಡದ ಬರೀ ದ್ರಾಕ್ಷಿರಸಕ್ಕೆ ಗ್ಯಾಸ್ ತುಂಬಿದ್ದು. ದ್ರಾಕ್ಷಿರಸವನ್ನು ಹುಳಿಯದಂತೆ ಬಾಟಲಿಯಲ್ಲಿ ಕಾಪಾಡುವ ವಿಧಾನ ಬಂದದ್ದೇ ಕುಡಿಯದ ಕ್ರೈಸ್ತರಿಗಾಗಿ ಎಂಬುದು ಇಲ್ಲಿ ನೆನೆಯಬೇಕಾದ ಮಾತು. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯ, ತನ್ನ ಮೆಥಡಿಸ್ಟ್ ಚರ್ಚಿನ ಪ್ರಭುಭೋಜನಕ್ಕೆ ಮದ್ಯವಿಲ್ಲದ ರಸ ಬೇಕೆಂದು, ಪ್ಯಾಶ್ಚರನ ವಿಧಾನದಲ್ಲಿ ದ್ರಾಕ್ಷಿರಸವನ್ನು ಕಾಯಿಸಿ ಬಾಟಲಿಗೆ ತುಂಬಿದ.

ಇವೆರಡರ ವ್ಯತ್ಯಾಸ ಕುಡಿಯುವವನಿಗೆ ಏನೂ ಅಲ್ಲ, ಕುಡಿಯದವನಿಗೆ ಬಹಳ. ಬ್ಯಾರಿ ಕಾಕನಿಗೆ ಮೊದಲನೆಯದು ಹೇಗಿದ್ದರೂ ವೈನೇ. ಕುಡಿತ ಬಿಟ್ಟ ಮಾವನಿಗೆ ಅದರ ವಾಸನೆಯೇ ಹಳೆಯ ದಾರಿಗೆ ಕರೆಯಬಹುದು. ಇನ್ನು, ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿರುವವರಿದ್ದರೆ, ಅವರ ಮೈಗೆ ನಾಲ್ಕು ಗುಟುಕು ನಿಜವಾದ ವೈನ್ ಹೋದರೂ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ ಮದುವೆ ಹಾಲ್‌ನಿಂದ ಆಸ್ಪತ್ರೆಗೆ ಹೋಗಬೇಕಾದೀತು. ಅವರು ಆ ಮಾತ್ರೆಯ ವಿಷಯ ಯಾರಿಗೂ ಹೇಳಿರುವುದಿಲ್ಲ. ಹಾಗಾಗಿ ಬಿಳಿ ಸ್ಪಾರ್ಕ್ಲಿಂಗ್ ವೈನ್ ಜೊತೆಗೆ ಬಿಳಿ ದ್ರಾಕ್ಷಿರಸ ಇಡುವುದನ್ನು ನಾನು ಒಪ್ಪುವುದಿಲ್ಲ. ಎರಡೂ ಒಂದೇ ಬಣ್ಣ, ಎರಡರಲ್ಲೂ ಗುಳ್ಳೆ. ಟ್ರೇ ಅದಲುಬದಲಾದರೆ ಬಾಯಿಗಿಟ್ಟ ಮೇಲಷ್ಟೇ ತಿಳಿಯುವುದು.

ಕರಾವಳಿಯಲ್ಲಿ ಇದಕ್ಕೆ ಪರಿಹಾರ ಮನೆಯ ಅಟ್ಟದಲ್ಲೇ ಇದೆ. ಪುನರ್ಪುಳಿ. ಒಣಸಿಪ್ಪೆಯಿಂದ ತೆಗೆದ ಸಿಹಿ ಸಿರಪ್ಪಿಗೆ ತಣ್ಣನೆಯ ಸೋಡಾ ಬೆರೆಸಿದರೆ ಗುಲಾಬಿ ಬಣ್ಣದ, ಗುಳ್ಳೆಯೇಳುವ ಪಾನೀಯ. ಮನೆಯಲ್ಲಿ ಹಾಕುವಂತೆ ಜೀರಿಗೆ, ಉಪ್ಪು ಹಾಕಬಾರದು. ದೂರದಿಂದ ನೋಡಿದವರಿಗೆ ಅದು ಗುಲಾಬಿ ವೈನ್ ಇರಬಹುದು ಎನಿಸುತ್ತದೆ, ಟ್ರೇ ಹಿಡಿದ ಹುಡುಗನಿಗೆ ಮಾತ್ರ ಬಣ್ಣ ನೋಡಿದ ಕೂಡಲೇ ಗೊತ್ತಾಗುತ್ತದೆ. ಯಾರು ಏನು ಕುಡಿಯುತ್ತಿದ್ದಾರೆ ಎಂಬುದು ಊರಿಗೆ ತಿಳಿಯಬೇಕಿಲ್ಲ, ಕೊಡುವವನಿಗೂ ತೆಗೆದುಕೊಳ್ಳುವವನಿಗೂ ತಿಳಿಯಬೇಕು. ಈ ಎರಡೂ ಒಟ್ಟಿಗೆ ಸಾಧ್ಯವಾಗಬೇಕಾದರೆ ಆ ದಿನ ಗುಲಾಬಿ ಬಣ್ಣದ ಸ್ಪಾರ್ಕ್ಲಿಂಗ್ ವೈನ್ ಮಾತ್ರ ತರಿಸಬಾರದು. ಬಿಳಿಯದೇ ಆಗಬೇಕು.

ನಾನೂರು ಜನರ ಒಂದು ರಿಸೆಪ್ಶನ್ನಿಗೆ ಲೆಕ್ಕ ಹಾಕಿ ನೋಡೋಣ. ವೈನ್ ತೆಗೆದುಕೊಳ್ಳುವವರು ನೂರೈವತ್ತು, ಉಳಿದವರು ಇನ್ನೂರೈವತ್ತು ಎಂದು ಮನೆಯವರ ಅಂದಾಜು. ಟೋಸ್ಟಿಗೆ 75 ಮಿಲಿ ಧಾರಾಳ ಸಾಕು. ನೊರೆಗೂ ತಳದಲ್ಲಿ ಉಳಿಯುವುದಕ್ಕೂ ಸ್ವಲ್ಪ ಬಿಟ್ಟರೆ 750 ಮಿಲಿಯ ಒಂದು ಬಾಟಲಿಯಿಂದ ಒಂಬತ್ತು ಗ್ಲಾಸು ಆಗುತ್ತದೆ, ನೂರ ಅರವತ್ತು ಗ್ಲಾಸಿಗೆ ಹದಿನೆಂಟು ಬಾಟಲಿ. ಪುನರ್ಪುಳಿಯನ್ನು ಮುನ್ನೂರು ಗ್ಲಾಸಿಗೆ ಲೆಕ್ಕ ಹಿಡಿಯಬೇಕು. ಇದರಲ್ಲಿ ಜುಗ್ಗತನ ಸಲ್ಲದು. ವೈನ್ ಮುಗಿದರೆ ಕುಡಿಯುವವನು ಪುನರ್ಪುಳಿ ಎತ್ತಬಹುದು, ಪುನರ್ಪುಳಿ ಮುಗಿದರೆ ಕುಡಿಯದವನಿಗೆ ಬೇರೆ ದಾರಿಯಿಲ್ಲ. ಒಂದು ಪಾಲು ಸಿರಪ್ಪಿಗೆ ಐದು ಪಾಲು ಸೋಡಾ ಎಂದರೆ ಸುಮಾರು ನಾಲ್ಕು ಲೀಟರ್ ಸಿರಪ್, ಇಪ್ಪತ್ತು ಲೀಟರ್ ಸೋಡಾ. ಮೊದಲೇ ದೊಡ್ಡ ಪಾತ್ರೆಯಲ್ಲಿ ಕಲಸಿಟ್ಟರೆ ಗುಳ್ಳೆಯೆಲ್ಲ ಹೋಗಿ ಬರೀ ಶರಬತ್ತು ಆಗುತ್ತದೆ. ಗ್ಲಾಸುಗಳಿಗೆ ಎರಡೂವರೆ ಟೀ ಚಮಚದಷ್ಟು ಸಿರಪ್ ಮೊದಲೇ ಹಾಕಿ ಸಾಲಾಗಿ ಜೋಡಿಸಿಟ್ಟು, ಟ್ರೇ ಹೊರಡುವ ಹೊತ್ತಿಗೆ ಸೋಡಾ ಸುರಿಯಬೇಕು. ಹನ್ನೆರಡು ಹುಡುಗರು, ಒಂದು ಟ್ರೇಯಲ್ಲಿ ಇಪ್ಪತ್ತು ಗ್ಲಾಸು ಎಂದರೆ ತಲಾ ಎರಡು ಸುತ್ತಿನಲ್ಲಿ ಹಾಲ್ ಮುಗಿಯುತ್ತದೆ.

ಪ್ರತಿ ಟ್ರೇಯಲ್ಲೂ ಎರಡೂ ಇರಬೇಕು, ಅರ್ಧ ಹಳದಿ, ಅರ್ಧ ಗುಲಾಬಿ. ಕುಡಿಯದವರಿಗೆಂದು ಬೇರೆ ಟ್ರೇ ಮಾಡಿದರೆ ಹುಡುಗ ಪ್ರತಿಯೊಬ್ಬರ ಮುಂದೆ ನಿಂತು ‘ನಿಮಗೆ ವೈನ್ ಆಗುತ್ತದಾ?’ ಎಂದು ಕೇಳಬೇಕಾಗುತ್ತದೆ. ಆ ಪ್ರಶ್ನೆ ಕೇಳಿಸಿಕೊಂಡವನ ಪಕ್ಕದಲ್ಲಿ ಅವನ ಮಾವ ಕೂತಿರಬಹುದು, ಬಾಸ್ ಕೂತಿರಬಹುದು. ಟ್ರೇ ಮುಂದೆ ಹಿಡಿದು ‘ಇದು ವೈನ್, ಇದು ಪುನರ್ಪುಳಿ’ ಎಂದಷ್ಟೇ ಹೇಳಿದರೆ ಸಾಕು, ಕೈ ತನಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತದೆ. ಮಕ್ಕಳ ಸಾಲಿಗೆ ಮಾತ್ರ ಗುಲಾಬಿಯದ್ದೇ ಟ್ರೇ. ಅಂದಹಾಗೆ, ಮದ್ಯ ಬಡಿಸಲು ಅಬಕಾರಿ ಇಲಾಖೆಯಿಂದ ಆ ದಿನಕ್ಕೆಂದು ಪರವಾನಗಿ ಪಡೆಯುವ ಕೆಲಸವನ್ನೂ, ಹಾಲ್‌ನವರ ನಿಯಮವೇನೆಂದು ಕೇಳುವುದನ್ನೂ ಕೊನೆಯ ವಾರಕ್ಕೆ ಬಿಡಬೇಡಿ.

ಸ್ಟೇಜ್ ಮೇಲೆ ಬಾಟಲಿ ಕುಲುಕಿ, ಬಿರಡೆ ಹಾರಿಸಿ, ನೊರೆಯನ್ನು ಮುಂದಿನ ಸಾಲಿಗೆ ಚಿಮ್ಮಿಸುವ ಒಂದು ಚಟ ಬಂದಿದೆಯಲ್ಲ, ಎರಡೂ ಬಗೆಯ ಅತಿಥಿಗಳಿಗೆ ಏಕಕಾಲಕ್ಕೆ ಅವಮಾನ ಮಾಡುವುದಕ್ಕೆ ಅದಕ್ಕಿಂತ ಸುಲಭ ದಾರಿ ಇಲ್ಲ. ಮುಂದಿನ ಸಾಲಿನಲ್ಲಿ ಕೂತಿರುವವರು ಹಿರಿಯರು. ಅವರ ರೇಷ್ಮೆ ಸೀರೆಗೆ, ಬಿಳಿ ಪಂಚೆಗೆ ವೈನ್ ಸಿಡಿದರೆ, ಜೀವಮಾನವಿಡೀ ಮದ್ಯ ಮುಟ್ಟದವರು ಅದರ ವಾಸನೆ ಹೊತ್ತು ಊಟಕ್ಕೆ ಕೂರಬೇಕು. ವೈನ್ ಇಷ್ಟಪಡುವವರಿಗೂ ಅದು ನೋಡಲಾಗದ ದೃಶ್ಯ. ಆ ಬಾಟಲಿಯೊಳಗೆ ವಾತಾವರಣದ ಐದಾರು ಪಟ್ಟು ಒತ್ತಡ ಇರುತ್ತದೆ, ಕಾರಿನ ಟೈರಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹಾರಿದ ಬಿರಡೆ ಕಣ್ಣಿಗೆ ಬಡಿದರೆ ಕಣ್ಣೇ ಹೋಗಬಹುದು.

ಸರಿಯಾದ ಕ್ರಮ ಸದ್ದಿಲ್ಲದ್ದು. ಬಾಟಲಿಯನ್ನು ಮಂಜುಗಡ್ಡೆ ಮತ್ತು ನೀರು ಎರಡೂ ಇರುವ ಟಬ್ಬಿನಲ್ಲಿ ಮುಕ್ಕಾಲು ಗಂಟೆ ಮುಳುಗಿಸಿಡಬೇಕು. ಬರೀ ಮಂಜುಗಡ್ಡೆಯಲ್ಲಿ ಇಟ್ಟರೆ ನಡುವೆ ಗಾಳಿ ಉಳಿದು ತಡವಾಗಿ ತಣಿಯುತ್ತದೆ. 6ರಿಂದ 8 ಡಿಗ್ರಿಗೆ ಇಳಿದ ವೈನಿನಲ್ಲಿ ಗ್ಯಾಸ್ ಹಿಡಿದು ನಿಲ್ಲುತ್ತದೆ, ಬೆಚ್ಚಗಿದ್ದರೆ ತೆರೆದ ಕೂಡಲೇ ನೊರೆ ಉಕ್ಕಿ ಕಾಲು ಬಾಟಲಿ ನೆಲದ ಪಾಲು. ಮೇಲಿನ ತಂತಿಯ ಬಲೆಯನ್ನು ಆರು ಅರ್ಧ ಸುತ್ತು ತಿರುಗಿಸಿ ಸಡಿಲಿಸುವಾಗ ಹೆಬ್ಬೆರಳು ಬಿರಡೆಯ ಮೇಲೇ ಇರಬೇಕು. ಬಾಟಲಿಯನ್ನು ಓರೆಯಾಗಿ, ಜನರಿಲ್ಲದ ದಿಕ್ಕಿಗೆ ಹಿಡಿದು, ಬಿರಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಟಲಿಯ ತಳವನ್ನು ನಿಧಾನ ತಿರುಗಿಸಿದರೆ ಉಸ್ ಎಂಬ ನಿಟ್ಟುಸಿರಿನಷ್ಟೇ ಸದ್ದಾಗಿ ತೆರೆದುಕೊಳ್ಳುತ್ತದೆ. ಇಷ್ಟೆಲ್ಲ ಮಾಡಿಯೂ ಗ್ಲಾಸಿನಲ್ಲಿ ಗುಳ್ಳೆ ಕಾಣದಿದ್ದರೆ ತೊಳೆದ ಸೋಪಿನ ಅಂಶ ಉಳಿದಿದೆ ಎಂದೇ ತಿಳಿಯಿರಿ.

ಈಗ ಮಾತಿಗೆ ಬರೋಣ. ಒಬ್ಬ ಅಣ್ಣ ಬರೆದು ತಂದ ಕರಡನ್ನು ನಾನು ನೋಡಿಕೊಟ್ಟದ್ದುಂಟು. ಅದರ ಕೊನೆಯಲ್ಲಿ ‘ವೈನ್ ಇರುವವರು ವೈನ್ ಎತ್ತಿ, ಕುಡಿಯದ ಒಳ್ಳೆಯವರು ಜ್ಯೂಸ್ ಎತ್ತಿ’ ಎಂದಿತ್ತು. ಗೌರವ ಕೊಡಲೆಂದೇ ಬರೆದ ಸಾಲು ಅದು. ಆದರೆ ಕುಡಿಯದವರು ಒಳ್ಳೆಯವರು ಅಂದಮೇಲೆ ವೈನ್ ಹಿಡಿದ ಚಿಕ್ಕಮ್ಮ ಏನಾದಳು? ಕುಡಿಯದವರಿಗಾದರೂ ಖುಷಿಯೇ ಎಂದರೆ, ನಾನೂರು ಜನರ ಮುಂದೆ ತಮ್ಮ ಗ್ಲಾಸಿನ ಕಡೆ ಎಲ್ಲರ ಕಣ್ಣು ಹರಿದದ್ದಷ್ಟೇ ಅವರಿಗೆ ಬಂದ ಲಾಭ. ‘ಜ್ಯೂಸಿನವರು ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ನಗೆಮಾತೂ ಅದೇ ಜಾತಿಯದು, ‘ಒಂದೇ ಗುಟುಕಿಗೆ ಖಾಲಿ ಮಾಡಿ’ ಎಂಬ ಹುರಿದುಂಬಿಸುವಿಕೆಯೂ ಅದೇ. ಕ್ರೈಸ್ತರ ಟೋಸ್ಟಿನಲ್ಲಿ ತಪ್ಪದೆ ಬರುವ ಕಾನಾ ಊರಿನ ಮದುವೆಯ ಕಥೆಯಲ್ಲೂ ಒಂದು ತೊಡಕಿದೆ. ಯೇಸು ನೀರನ್ನು ವೈನ್ ಮಾಡಿದರು ಎಂದು ಅಲ್ಲಿಗೇ ನಿಲ್ಲಿಸಿ ನಗಿಸಿದರೆ, ನೀರು ಕೀಳು, ವೈನ್ ಮೇಲು ಎಂಬ ಅರ್ಥ ತಾನಾಗಿ ಬಂದುಬಿಡುತ್ತದೆ. ಆ ಕಥೆಯನ್ನು ಬಿಡುವುದು ಬೇಡ, ಬೇರೆ ಕಡೆಯಿಂದ ಹಿಡಿಯೋಣ ಎಂದೆ. ಅಣ್ಣನೇ ತಿದ್ದಿ ಬರೆದ ಟೋಸ್ಟ್ ಹೀಗಾಯಿತು:

“ನಮ್ಮ ಮನೆಯ ಬಾವಿಯಲ್ಲಿ ಏಪ್ರಿಲ್ ಬಂತೆಂದರೆ ನೀರು ತಳ ಹಿಡಿಯುತ್ತಿತ್ತು. ಒಂದು ದಿನ ಸೇದುವ ಸರದಿ ನನ್ನದು, ಒಂದು ದಿನ ತಂಗಿಯದು. ನಾನು ಸೇದಿದ ದಿನ ಮೊದಲು ನಮ್ಮ ಕೊಡ ತುಂಬುತ್ತಿತ್ತು. ಅವಳು ಸೇದಿದ ದಿನ ಮೊದಲು ಆಚೆ ಮನೆಯ ಅಕ್ಕನ ಕೊಡ ತುಂಬುತ್ತಿತ್ತು, ನಮಗೆ ಕೆಸರು ನೀರು. ಅಮ್ಮ ಬೈದರೆ ‘ಅವರಲ್ಲಿ ಸಣ್ಣ ಮಗು ಉಂಟಲ್ಲಮ್ಮಾ’ ಅನ್ನುತ್ತಿದ್ದಳು.

ಕಾನಾ ಊರಿನ ಮದುವೆಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಮದುವೆ ಮನೆಯಲ್ಲಿ ಅತಿಥಿಗಳಿಗೆ ಕೊಡುವುದು ಮುಗಿದುಹೋಯಿತು. ಅಲ್ಲಿದ್ದ ಆರು ಕಲ್ಲಿನ ಬಾನಿಗಳಿಗೆ ನೀರು ತುಂಬಲು ಯೇಸು ಹೇಳಿದರು. ಕೆಲಸದವರು ಕಂಠದವರೆಗೆ ತುಂಬಿದರು. ಆಮೇಲೆ ಆದದ್ದು ಊರಿಗೆಲ್ಲ ಗೊತ್ತು, ನೀರು ಹೊತ್ತವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಒಂದೊಂದು ಬಾನಿಗೆ ನೂರು ಲೀಟರಿನಷ್ಟು ಹಿಡಿಯುತ್ತಿತ್ತಂತೆ. ಎಷ್ಟು ಕೊಡ ಸೇದಿರಬೇಕು ಅಂತ ನನ್ನ ತಂಗಿಯನ್ನು ಕೇಳಿ.

ಅವಳ ಈ ಮದುವೆಯ ಬಾನಿ ತುಂಬಿದವರೆಲ್ಲ ಈ ಹಾಲ್‌ನಲ್ಲಿದ್ದೀರಿ. ಅಪ್ಪ ಆಸ್ಪತ್ರೆಯಲ್ಲಿದ್ದ ರಾತ್ರಿ ರಿಕ್ಷಾ ತಂದು ಬೆಳಗಿನವರೆಗೆ ಹೊರಗೆ ಕೂತ ಕಾಕ ಇದ್ದಾರೆ. ಅವಳಿಗೆ ಲೆಕ್ಕ ತಲೆಗೆ ಹತ್ತಿಸಿದ ಟೀಚರ್ ಇದ್ದಾರೆ. ಆ ನೀರಿನ ಸಾಲವನ್ನು ಹಲಸಿನ ಹಪ್ಪಳದಲ್ಲಿ ಇನ್ನೂ ತೀರಿಸುತ್ತಿರುವ ಆಚೆ ಮನೆಯ ಅಕ್ಕ ಇದ್ದಾರೆ. ಭಾವಾ, ನಿಮ್ಮ ಮನೆಗೆ ಬರುವವಳು ಮೊದಲು ಪಕ್ಕದ ಮನೆಯ ಕೊಡ ತುಂಬುವವಳು. ಸ್ವಲ್ಪ ಕೆಸರು ನೀರಿಗೆ ತಯಾರಾಗಿರಿ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಕೈಯಲ್ಲಿರುವುದನ್ನು ಎತ್ತಿ. ಇವರ ಬಾವಿ ಬತ್ತದಿರಲಿ, ಇವರ ಬಾಗಿಲಿಗೆ ಬಂದವರ ಕೊಡ ಬರಿದಾಗದಿರಲಿ. ನನ್ನ ಜೊತೆ ಹೇಳಿ...”

ಆಮೇಲೆ ಮದುಮಕ್ಕಳ ಹೆಸರು, ಅದನ್ನೇ ಇಡೀ ಹಾಲ್ ತಿರುಗಿ ಹೇಳುತ್ತದೆ. ಓದಲು ಎರಡು ನಿಮಿಷ ಬೇಕು, ನಗು ಬಂದರೆ ಇನ್ನರ್ಧ ನಿಮಿಷ. ವೈನ್ ಎಂಬ ಶಬ್ದ ಇದರಲ್ಲಿ ಒಮ್ಮೆಯೂ ಇಲ್ಲ, ಜ್ಯೂಸ್ ಎಂಬುದೂ ಇಲ್ಲ. ಕಾನಾದ ಕಥೆ ಗೊತ್ತಿದ್ದವರು ‘ಆಮೇಲೆ ಆದದ್ದು’ ಎಂಬಲ್ಲಿ ತಾವೇ ತುಂಬಿಕೊಂಡು ನಗುತ್ತಾರೆ. ಗೊತ್ತಿಲ್ಲದವರಿಗೆ ನೀರು ಹೊತ್ತವರ ಕಥೆಯಾಗಿ ಅದು ಪೂರ್ತಿಯಾಗಿದೆ. ಹೆಸರು ಹಿಡಿಯದೆ ಮೂವರನ್ನು ನೆನೆದದ್ದರಲ್ಲಿ ಕಾಕನೂ ಇದ್ದಾರೆ, ಅಕ್ಕನೂ ಇದ್ದಾರೆ. ಅವರಿಬ್ಬರೂ ಕುಡಿಯದವರು ಎಂಬುದು ಊರಿಗೇ ಗೊತ್ತು, ಆದರೆ ಅವರನ್ನು ನೆನೆದದ್ದು ಅವರು ಕುಡಿಯುವುದಿಲ್ಲ ಎಂಬ ಕಾರಣಕ್ಕಲ್ಲ, ಮಾಡಿದ ಕೆಲಸಕ್ಕೆ. ‘ಗ್ಲಾಸು ಎತ್ತಿ’ ಎನ್ನುವ ಬದಲು ‘ಕೈಯಲ್ಲಿರುವುದನ್ನು’ ಎಂದದ್ದೂ ಬೇಕೆಂದೇ. ಉಪವಾಸದಲ್ಲಿರುವವರು, ಹೊರಗೆ ಏನೂ ಮುಟ್ಟದ ಅಜ್ಜಿ, ಮಗು ಎತ್ತಿಕೊಂಡ ತಾಯಿ ಇರುತ್ತಾರಲ್ಲ. ಅಜ್ಜಿ ಬರಿಗೈ ಎತ್ತಿದರೂ ಸಂದಿತು, ತಾಯಿ ಮಗುವನ್ನೇ ಎತ್ತಿದರೂ ಆಯಿತು.

ಭಾಷೆಯ ಪ್ರಶ್ನೆಯೂ ಇಂಥದ್ದೇ. ಮನೆಮಾತು ಕೊಂಕಣಿಯಾದರೂ ನೆರೆಹೊರೆಯವರು ತುಳು, ಬ್ಯಾರಿ, ಕನ್ನಡದವರು. ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದರೆ ಅರ್ಧ ಹಾಲ್ ಗ್ಲಾಸು ಹಿಡಿದು ಪಕ್ಕದವರ ಮುಖ ನೋಡುತ್ತಿರುತ್ತದೆ. ಕನ್ನಡದಲ್ಲಿ ಹೇಳಿ, ತಂಗಿಯನ್ನು ಮಾತಾಡಿಸುವ ಒಂದು ಸಾಲನ್ನು ಕೊಂಕಣಿಯಲ್ಲಿ ಸೇರಿಸಿಕೊಂಡರೆ ಸಾಕೆಂದು ನನ್ನ ಅಭಿಪ್ರಾಯ.

ಇಷ್ಟು ಚೆನ್ನಾಗಿ ಬರೆದ ಟೋಸ್ಟೂ ಕೆಡುವುದು ಹೊತ್ತು ತಪ್ಪಿದರೆ. ಕೇಕ್ ಕತ್ತರಿಸುವ ಹೊತ್ತಿಗೇ ಟ್ರೇಗಳು ಹೊರಟಿರಬೇಕು. ಹಿಂದಿನ ಸಾಲು, ಬಾಲ್ಕನಿ, ಅಡುಗೆಮನೆಯ ಬಾಗಿಲಲ್ಲಿ ನಿಂತ ಕೆಲಸದವರು, ಇವರಿಗೆ ಮುಟ್ಟಿದ್ದನ್ನು ಒಬ್ಬರು ನೋಡಿ ಎಂಸಿಗೆ ಕೈಸನ್ನೆ ಮಾಡಿದ ಮೇಲೆಯೇ ಅಣ್ಣನಿಗೆ ಮೈಕ್ ಹೋಗಬೇಕು. ಅತಿ ಬೇಗ ಸುರಿದರೆ ಮಂಗಳೂರಿನ ಮೇ ತಿಂಗಳ ಸೆಕೆಗೆ ಗುಳ್ಳೆ ಸತ್ತು ವೈನೂ ಸಪ್ಪೆ, ಪುನರ್ಪುಳಿಯೂ ಸಪ್ಪೆ. ತಡವಾದರೆ ಹಿಂದಿನವರು ಬರಿಗೈಯಲ್ಲಿ ಎದ್ದು ನಿಲ್ಲುತ್ತಾರೆ, ಅವರ ಕೈಗೆ ಗ್ಲಾಸು ಸಿಗುವಾಗ ಬ್ಯಾಂಡು ಶುರುವಾಗಿರುತ್ತದೆ.

ಇನ್ನು ಸ್ಟೇಜಿನ ಮೇಲಿನ ಎರಡು ಗ್ಲಾಸು. ಪಾಶ್ಚಾತ್ಯರ ಹಳೆಯ ರೂಢಿಯಲ್ಲಿ ಯಾರಿಗಾಗಿ ಟೋಸ್ಟ್ ಎತ್ತುತ್ತಾರೋ ಅವರು ಏಳುವುದೂ ಇಲ್ಲ, ಕುಡಿಯುವುದೂ ಇಲ್ಲ. ನಮ್ಮಲ್ಲಿ ಮದುಮಕ್ಕಳು ಕೈಗೆ ಕೈ ಹೆಣೆದು ಕುಡಿಯಲೇಬೇಕು, ಫೋಟೋದವನು ಬಿಡಬೇಕಲ್ಲ. ವಧುವೇ ಕುಡಿಯದವಳಾದರೆ, ಅಥವಾ ವರನೇ ಆಗಿದ್ದರೆ, ಇಬ್ಬರಿಗೂ ಗುಲಾಬಿಯದ್ದನ್ನೇ ಇಡಿ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಬೇಕಿದ್ದರೂ ತೊಂದರೆಯಿಲ್ಲ, ಹೆಣೆದ ಕೈಯಲ್ಲಿ ತಮ್ಮ ತಮ್ಮ ಗ್ಲಾಸನ್ನೇ ತುಟಿಗೆ ತರಬಹುದು. ಯಾವುದು ಬೇಕೆಂದು ಅವರಿಬ್ಬರನ್ನು ಹಿಂದಿನ ದಿನವೇ ಕೇಳಿ, ಎಂಸಿಯ ಚೀಟಿಯಲ್ಲಿ ಬರೆದುಕೊಟ್ಟುಬಿಡಿ.